ನಾಲ್ಕು ತೊಟ್ಟಿಗಳ ಮಾದರಿ: ಯಾವ ಟ್ರಾನ್ಸ್‌ಫರ್ ಫಂಕ್ಷನ್ನಿನಲ್ಲೂ ಕಾಣದ ಝೀರೋ ಎಲ್ಲಿಂದ ಬರುತ್ತದೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್. ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಸ್ವೀಡನ್ನಿನ ಲುಂಡ್‌ನಲ್ಲಿ ರೂಪುಗೊಂಡು 2000ದಲ್ಲಿ ಪ್ರಕಟವಾದ ನಾಲ್ಕು ತೊಟ್ಟಿಗಳ ಪ್ರಯೋಗವನ್ನು ನಮಗೆ ಅಭ್ಯಾಸಕ್ಕೆ ಕೊಟ್ಟಿದ್ದಾರೆ. ಎರಡು ಪಂಪುಗಳು ನಾಲ್ಕು ತೊಟ್ಟಿಗಳಿಗೆ ನೀರು ಕೊಡುತ್ತವೆ. ಮೊದಲ ಪಂಪಿನ ನೀರು ವಾಲ್ವಿನಲ್ಲಿ ಕವಲೊಡೆದು ಕೆಳಗಿನ 1ನೇ ತೊಟ್ಟಿಗೂ ಮೇಲಿನ 4ನೇ ತೊಟ್ಟಿಗೂ ಹೋಗುತ್ತದೆ. ಎರಡನೇ ಪಂಪಿನದು 2ಕ್ಕೂ 3ಕ್ಕೂ ಹೋಗುತ್ತದೆ. 3ರ ನೀರು 1ಕ್ಕೆ, 4ರ ನೀರು 2ಕ್ಕೆ ಸುರಿಯುತ್ತದೆ. ಅಳೆಯುವುದು ಕೆಳಗಿನ ಎರಡು ತೊಟ್ಟಿಗಳ ಮಟ್ಟವನ್ನು ಮಾತ್ರ.

ಪ್ರತಿ ಪಂಪಿನ ನೀರಿನಲ್ಲಿ ನೇರವಾಗಿ ಕೆಳಗಿನ ತೊಟ್ಟಿಗೆ ಹೋಗುವ ಪಾಲನ್ನು γ ಎನ್ನುತ್ತಾರೆ. ವಾಲ್ವುಗಳನ್ನು γ1 = 0.43, γ2 = 0.34 ಎಂದು ಇರಿಸಿದಾಗಿನ ಕಾಲ ಸ್ಥಿರಾಂಕಗಳು 63, 91, 39, 56 ಸೆಕೆಂಡು. ನನಗೆ ಬಂದ ಮ್ಯಾಟ್ರಿಕ್ಸ್‌ಗಳು ಇವು:

```
A = [-1/63   0      1/39   0
      0     -1/91   0      1/56
      0      0     -1/39   0
      0      0      0     -1/56]
B = [0.0482  0
     0       0.0350
     0       0.0775
     0.0559  0     ]
C = [0.5 0 0 0
     0 0.5 0 0]        D = 0
```

ಪೋಲ್‌ಗಳ ವಿಷಯದಲ್ಲಿ ಗೊಂದಲವಿಲ್ಲ. A ತ್ರಿಕೋನಾಕಾರದಲ್ಲಿರುವುದರಿಂದ ಕರ್ಣದಲ್ಲಿರುವ ನಾಲ್ಕು ಸಂಖ್ಯೆಗಳೇ ಐಗನ್ ಮೌಲ್ಯಗಳು, ನಾಲ್ಕೂ ಋಣಾತ್ಮಕ. ತೊಡಕಿರುವುದು ಝೀರೋಗಳಲ್ಲಿ. ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್ ಬರೆದರೆ ಅದರ ನಾಲ್ಕು ಅಂಶಗಳು 1.5/(1+63s), 2.5/((1+39s)(1+63s)), 2.5/((1+56s)(1+91s)), 1.6/(1+91s) ಎಂದಾಗುತ್ತವೆ. ನಾಲ್ಕರ ಅಂಶಸ್ಥಾನದಲ್ಲಿಯೂ ಬರಿಯ ಸ್ಥಿರಸಂಖ್ಯೆಯಿದೆ, ಹಾಗಾಗಿ ಒಂದು ಝೀರೋ ಕೂಡ ಇರಬಾರದೆಂದುಕೊಂಡೆ. ಆದರೆ ಮಾರ್ಗದರ್ಶಿಗಳು ಈ ವ್ಯವಸ್ಥೆಗೆ ಬಲ ಅರ್ಧತಲದಲ್ಲಿ ಒಂದು ಝೀರೋ ಇದೆಯೆಂದು ಹೇಳಿದ್ದಾರೆ. ಅದು ಎಲ್ಲಿಂದ ಬಂತು, ಈ ಮ್ಯಾಟ್ರಿಕ್ಸ್‌ಗಳಿಂದ ಅದನ್ನು ಕಾಣುವುದು ಹೇಗೆ ಎಂಬುದನ್ನು ದಯವಿಟ್ಟು ತಿಳಿಸಿ.

ಬಾಯ್ಲರ್ ಮನೆ

ನಾನು ಇಪ್ಪತ್ತು ವರ್ಷ ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿದ್ದೇನೆ. ಬಲ ಅರ್ಧತಲದ ಝೀರೋ ಎಂದರೇನೆಂದು ನಾವು ದಿನವೂ ಕಣ್ಣಾರೆ ನೋಡುತ್ತೇವೆ. ಬಾಯ್ಲರ್ ಡ್ರಮ್ಮಿಗೆ ತಣ್ಣಗಿನ ನೀರನ್ನು ಹೆಚ್ಚಿಸಿದರೆ ಒಳಗಿನ ಆವಿಯ ಗುಳ್ಳೆಗಳು ಕುಗ್ಗಿ ಮಟ್ಟವು ಮೊದಲು ಕೆಳಗಿಳಿಯುತ್ತದೆ, ಆಮೇಲೆ ಏರುತ್ತದೆ. ಸ್ಟೆಪ್ ಕೊಟ್ಟಾಗ ಮಟ್ಟ ತಪ್ಪು ದಿಕ್ಕಿಗೆ ಹೋಗಿ ಹಿಂತಿರುಗಿದರೆ ಝೀರೋ ಇದೆ, ಹೋಗದಿದ್ದರೆ ಇಲ್ಲ. ನಿಮ್ಮ ನಾಲ್ಕು ಅಂಶಗಳಲ್ಲಿ ಯಾವುದಕ್ಕೆ ಸ್ಟೆಪ್ ಕೊಟ್ಟರೂ ಮಟ್ಟವು ನೇರವಾಗಿ ಏರುತ್ತದೆ. ಆದುದರಿಂದ ನಿಮ್ಮ ಮಾರ್ಗದರ್ಶಿಗಳು ಬೇರೆ ಯಾವುದೋ ಉದಾಹರಣೆಯನ್ನು ನೆನಪಿನಲ್ಲಿಟ್ಟುಕೊಂಡು ಹೇಳಿರಬೇಕು. ಪಿಐಡಿ ಹಾಕಿ ನೋಡಿ, ಸರಿಯಾಗಿಯೇ ನಡೆಯುತ್ತದೆ.

ಬೇಲೂರು ಹುಡುಗ

ಬಹುಚರ ವ್ಯವಸ್ಥೆಯಲ್ಲಿ ಅಂಶಗಳ ಝೀರೋ ನೋಡಬಾರದು, ಡಿಟರ್ಮಿನೆಂಟ್ ತೆಗೆಯಬೇಕು. det G(s) ಬರೆದು ಸರಳಗೊಳಿಸಿದರೆ ಅಂಶಸ್ಥಾನದಲ್ಲಿ 1.5·1.6·(1+39s)(1+56s) − 2.5·2.5 ಉಳಿಯುತ್ತದೆ. ಅದನ್ನು ಸೊನ್ನೆಗೆ ಸಮೀಕರಿಸಿದರೆ 2184s² + 95s − 1.604 = 0. ಮೂಲಗಳು s = 0.0130 ಮತ್ತು s = −0.0565. ಮೊದಲನೆಯದು ಧನಾತ್ಮಕವಾಗಿರುವುದರಿಂದ ನಿಮ್ಮ ಮಾರ್ಗದರ್ಶಿಗಳು ಹೇಳಿದ್ದು ಸರಿಯಾಗಿದೆ. det G ಯ ಛೇದದ ಮೂಲಗಳೇ ಪೋಲ್, ಅಂಶದ ಮೂಲಗಳೇ ಝೀರೋ. ಸ್ಟೇಟ್-ಸ್ಪೇಸ್ ಮ್ಯಾಟ್ರಿಕ್ಸ್‌ಗಳ ಅಗತ್ಯವೇ ಇಲ್ಲ.

ಹಳೆಯ ಉಪನ್ಯಾಸಕಿ

ಬೇಲೂರಿನವರು ಕೊಟ್ಟ ಎರಡು ಸಂಖ್ಯೆಗಳು ಈ ಉದಾಹರಣೆಯ ಮಟ್ಟಿಗೆ ಸರಿ. ಆದರೆ ಅವರು ಹೇಳಿದ ನಿಯಮವನ್ನು ಹಾಗೆಯೇ ಕಂಠಪಾಠ ಮಾಡಿಕೊಂಡರೆ ಮುಂದೆ ಎಡವುತ್ತೀರಿ. ಒಂದು ಚಿಕ್ಕ ವ್ಯವಸ್ಥೆಯನ್ನು ನೋಡಿ. ಕರ್ಣದಲ್ಲಿ 1/(s+1) ಮತ್ತು (s+1)/(s+2) ಇದ್ದು ಉಳಿದೆಡೆ ಸೊನ್ನೆಯಿರಲಿ. ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ವ್ಯವಸ್ಥೆಗಳು. ಮೊದಲನೆಯದಕ್ಕೆ −1ರಲ್ಲಿ ಪೋಲ್ ಇದೆ, ಎರಡನೆಯದಕ್ಕೆ −1ರಲ್ಲಿ ಝೀರೋ ಇದೆ, ಎರಡೂ ನಿಜವಾಗಿ ಇವೆ. ಡಿಟರ್ಮಿನೆಂಟ್ ತೆಗೆದರೆ 1/(s+2) ಮಾತ್ರ ಉಳಿದು, −1ರ ಪೋಲೂ ಝೀರೋವೂ ಒಟ್ಟಿಗೆ ಮಾಯವಾಗುತ್ತವೆ. ಬಹುಚರ ವ್ಯವಸ್ಥೆಯಲ್ಲಿ ಪೋಲ್ ಮತ್ತು ಝೀರೋಗಳಿಗೆ ಸ್ಥಾನದ ಜೊತೆಗೆ ದಿಕ್ಕೂ ಇರುವುದರಿಂದ, ಒಂದೇ ಸ್ಥಾನದಲ್ಲಿದ್ದ ಮಾತ್ರಕ್ಕೆ ಅವು ಪರಸ್ಪರ ಅಳಿಸಿಹೋಗುವುದಿಲ್ಲ. ಡಿಟರ್ಮಿನೆಂಟಿಗೆ ದಿಕ್ಕು ತಿಳಿಯದು. ಸ್ಟೇಟ್-ಸ್ಪೇಸ್ ಮ್ಯಾಟ್ರಿಕ್ಸ್‌ಗಳಿಂದ ಹೊರಟರೆ ಈ ಅಪಾಯವಿರುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಝೀರೋ ಎಂದರೇನೆಂದು ಭೌತಿಕವಾಗಿ ಕೇಳಿಕೊಂಡರೆ ಉತ್ತರವು ತಾನಾಗಿ ಬರುತ್ತದೆ: ಪಂಪುಗಳು ಬದಲಾಗುತ್ತಿದ್ದರೂ, ಒಳಗೆ ನೀರು ಏರಿಳಿಯುತ್ತಿದ್ದರೂ, ಅಳೆಯುವ ಎರಡು ಮಟ್ಟಗಳು ಕದಲದೇ ನಿಂತಿರುವಂತೆ ಮಾಡಲು ಸಾಧ್ಯವೇ? ಸಾಧ್ಯವಾದರೆ ಆ ಒಳಚಲನೆ ಯಾವ ವೇಗದಲ್ಲಿ ನಡೆಯುತ್ತದೆ? ಆ ವೇಗವೇ ಝೀರೋ. ಮ್ಯಾಟ್ರಿಕ್ಸ್ ಭಾಷೆಯಲ್ಲಿ ಹೇಳುವುದಾದರೆ A − sI, B, C, D ಗಳನ್ನು ನಾಲ್ಕು ಮೂಲೆಗಳಲ್ಲಿಟ್ಟು ಕಟ್ಟಿದ ದೊಡ್ಡ ಮ್ಯಾಟ್ರಿಕ್ಸ್ ಯಾವ s ನಲ್ಲಿ ತನ್ನ ಎಂದಿನ ರ‍್ಯಾಂಕನ್ನು ಕಳೆದುಕೊಳ್ಳುತ್ತದೆಯೋ ಅಲ್ಲಿ ಝೀರೋ ಇದೆ. ಇದನ್ನು ರೋಸೆನ್‌ಬ್ರಾಕ್ ಮ್ಯಾಟ್ರಿಕ್ಸ್ ಎನ್ನುತ್ತಾರೆ.

ನಿಮ್ಮ ತೊಟ್ಟಿಗಳಲ್ಲಿ ಇದನ್ನು ಕೈಯಿಂದಲೇ ಮಾಡಬಹುದು. ಎಲ್ಲ ಸಂಖ್ಯೆಗಳೂ ಸಮತೋಲನದಿಂದಾದ ವ್ಯತ್ಯಾಸಗಳೆಂದು ನೆನಪಿಡಿ. ಕೆಳಗಿನ ಮಟ್ಟಗಳು ಕದಲಬಾರದು, ಆದ್ದರಿಂದ x1 = x2 = 0, ಅವುಗಳ ಬದಲಾವಣೆಯ ದರವೂ ಸೊನ್ನೆ. ಆಗ A ಯ ಮೊದಲ ಸಾಲು ಹೇಳುವುದಿಷ್ಟು: 1ನೇ ತೊಟ್ಟಿಗೆ ಮೇಲಿನಿಂದ ಹೆಚ್ಚಾಗಿ ಬರುವ ನೀರನ್ನು ಮೊದಲ ಪಂಪು ಅಷ್ಟೇ ಪ್ರಮಾಣದಲ್ಲಿ ತಗ್ಗಿಸಬೇಕು, ಅಂದರೆ u1 = −x3/(39·0.0482). ಎರಡನೇ ಸಾಲಿನಿಂದ ಅದೇ ರೀತಿ u2 = −x4/(56·0.0350). ಪಂಪುಗಳಿಗೆ ಇನ್ನು ಸ್ವಾತಂತ್ರ್ಯ ಉಳಿಯಲಿಲ್ಲ. ಕೆಳಗಿನ ತೊಟ್ಟಿಗಳನ್ನು ಕಾಯುವ ಕೆಲಸಕ್ಕೆ ಅವು ಪೂರ್ತಿ ಮುಡಿಪಾದವು. ಈ u1, u2 ಗಳನ್ನು ಮೂರನೇ ಮತ್ತು ನಾಲ್ಕನೇ ಸಾಲುಗಳಿಗೆ ಹಾಕಿದರೆ ಮೇಲಿನ ಎರಡು ತೊಟ್ಟಿಗಳ ಚಲನೆ ಮಾತ್ರ ಉಳಿಯುತ್ತದೆ:

```
d/dt [x3]   [-0.0256  -0.0395] [x3]
     [x4] = [-0.0297  -0.0179] [x4]
```

ಈ 2×2 ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳೇ ನಿಮ್ಮ ಟ್ರಾನ್ಸ್‌ಮಿಷನ್ ಝೀರೋಗಳು. ಕರ್ಣದ ಮೊತ್ತ −0.0435, ಡಿಟರ್ಮಿನೆಂಟ್ −0.00072, ಮೂಲಗಳು 0.0128 ಮತ್ತು −0.0563. ಬೇಲೂರಿನವರ ಉತ್ತರಕ್ಕೂ ಇದಕ್ಕೂ ಇರುವ ಕೂದಲೆಳೆಯ ವ್ಯತ್ಯಾಸಕ್ಕೆ ಅವರು 1.5, 2.5 ಎಂದು ದುಂಡಾಗಿಸಿದ ಗೇನ್‌ಗಳೇ ಕಾರಣ.

ಕರ್ಣದಾಚೆಯ ಎರಡೂ ಅಂಶಗಳು ಋಣಾತ್ಮಕವಾಗಿರುವುದನ್ನು ಗಮನಿಸಿ. 3ನೇ ತೊಟ್ಟಿಯಲ್ಲಿ ನೀರು ಸ್ವಲ್ಪ ಹೆಚ್ಚಾದರೆ ಮೊದಲ ಪಂಪನ್ನು ತಗ್ಗಿಸಬೇಕಾಗುತ್ತದೆ. ಅದರಿಂದ 4ನೇ ತೊಟ್ಟಿಗೆ ನೀರು ಕಡಿಮೆಯಾಗುತ್ತದೆ. 4 ಇಳಿದರೆ 2ನೇ ತೊಟ್ಟಿಯನ್ನು ಕಾಪಾಡಲು ಎರಡನೇ ಪಂಪನ್ನು ಏರಿಸಬೇಕಾಗುತ್ತದೆ. ಆ ನೀರು ಮತ್ತೆ 3ನೇ ತೊಟ್ಟಿಗೇ ಬಂದು ಸೇರುತ್ತದೆ. ಈ ಸುತ್ತು ಒಂದನ್ನು ಮೀರಿ ಬೆಳೆದರೆ ಮೇಲಿನ ತೊಟ್ಟಿಗಳು ಹತೋಟಿ ತಪ್ಪುತ್ತವೆ. ಸುತ್ತಿನ ಗೇನನ್ನು ಬರೆದು ನೋಡಿದರೆ ತೊಟ್ಟಿಗಳ ಅಡ್ಡಳತೆಗಳೂ ಪಂಪಿನ ಸ್ಥಿರಾಂಕಗಳೂ ಬಿಟ್ಟುಹೋಗಿ (1−γ1)(1−γ2)/(γ1γ2) ಮಾತ್ರ ಉಳಿಯುತ್ತದೆ. ಅದು ಒಂದಕ್ಕಿಂತ ಹೆಚ್ಚಾಗುವುದು γ1 + γ2 < 1 ಆದಾಗ. ನಿಮ್ಮಲ್ಲಿ ಮೊತ್ತ 0.77. ಅದೇ ಪ್ರಯೋಗವನ್ನು 0.70 ಮತ್ತು 0.60 ಇಟ್ಟು ಮಾಡಿದಾಗ ಎರಡು ಝೀರೋಗಳೂ ಎಡ ಅರ್ಧತಲದಲ್ಲಿ, ಸುಮಾರು −0.018 ಮತ್ತು −0.060ರಲ್ಲಿ ಬರುತ್ತವೆ. ಒಂದು ವಾಲ್ವನ್ನು ತಿರುಗಿಸಿ ಝೀರೋವನ್ನು ಗೆರೆ ದಾಟಿಸಬಹುದಾದ ಇಂಥ ಸಾಧನ ವಿದ್ಯಾರ್ಥಿಗಳಿಗೆ ಸಿಗುವುದು ಅಪರೂಪ; ಅದಕ್ಕಾಗಿಯೇ ನಾನು ಈ ಪ್ರಯೋಗವನ್ನು ತುಂಬಾ ಇಷ್ಟಪಡುತ್ತೇನೆ.

ಬಾಯ್ಲರ್ ಮನೆ

ಮೇಡಂ, ಲೆಕ್ಕ ಅರ್ಥವಾಯಿತು. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಝೀರೋ ಇದ್ದರೆ ಸ್ಟೆಪ್ ಪರೀಕ್ಷೆಯಲ್ಲಿ ಏಕೆ ಕಾಣುವುದಿಲ್ಲ? ಕಾಣದ ವಸ್ತುವಿಗೆ ಆಪರೇಟರ್ ಏಕೆ ಹೆದರಬೇಕು?

ಹಳೆಯ ಉಪನ್ಯಾಸಕಿ

ಇದು ಸರಿಯಾದ ಪ್ರಶ್ನೆ. ನಿಮ್ಮ ಡ್ರಮ್ಮಿನ ಉದಾಹರಣೆಯಲ್ಲಿ ಒಂದು ಪ್ರವೇಶ, ಒಂದು ನಿರ್ಗಮ. ಝೀರೋ ಅಡಗಿಕೊಳ್ಳಲು ಅಲ್ಲಿ ಬೇರೆ ಜಾಗವಿಲ್ಲ. ಇಲ್ಲಿ ಝೀರೋ ಇರುವುದು ಎರಡು ಪಂಪುಗಳು ಜೊತೆಯಾಗಿ, ಒಂದು ಏರುತ್ತ ಇನ್ನೊಂದು ಇಳಿಯುತ್ತ ಹೋಗುವ ದಿಕ್ಕಿನಲ್ಲಿ. ಒಂದೇ ಪಂಪಿಗೆ ಸ್ಟೆಪ್ ಕೊಟ್ಟು ಇನ್ನೊಂದನ್ನು ಮುಟ್ಟದೇ ಬಿಟ್ಟರೆ ಆ ದಿಕ್ಕು ಬೇರೆ ದಿಕ್ಕುಗಳ ಜೊತೆ ಬೆರೆತು ಕಾಣದಂತಾಗುತ್ತದೆ.

ಆದರೆ ಎರಡನೇ ಲೂಪನ್ನು ಆಟೋದಲ್ಲಿ ಹಾಕಿ ನೋಡಿ. ಎರಡನೇ ಕಂಟ್ರೋಲರ್ 2ನೇ ತೊಟ್ಟಿಯ ಮಟ್ಟವನ್ನು ಬಿಗಿಯಾಗಿ ಹಿಡಿದಿದೆ ಎಂದುಕೊಂಡರೆ, ಮೊದಲ ಪಂಪಿನಿಂದ ಮೊದಲ ಮಟ್ಟಕ್ಕೆ ಇರುವ ಸಂಬಂಧ g11 ಆಗಿ ಉಳಿಯುವುದಿಲ್ಲ, g11 − g12·g21/g22 ಆಗುತ್ತದೆ. ಅದರ ಅಂಶಸ್ಥಾನದಲ್ಲಿ ಆ 0.013 ಬಂದು ಕುಳಿತಿರುತ್ತದೆ. ಸ್ಥಿರಸ್ಥಿತಿಯ ಗೇನ್ ಲೆಕ್ಕ ಹಾಕಿ: 1.5 − 2.5·2.5/1.6, ಅಂದರೆ −2.4. ಮ್ಯಾನುವಲ್‌ನಲ್ಲಿ +1.5 ಇದ್ದದ್ದು ಪಕ್ಕದ ಲೂಪ್ ಆಟೋಗೆ ಹೋದ ಕೂಡಲೇ −2.4 ಆಗುತ್ತದೆ. ಪಂಪನ್ನು ಏರಿಸಿದಾಗ ಮಟ್ಟ ಮೊದಲು ಏರುತ್ತದೆ, ಏಕೆಂದರೆ ನೇರವಾಗಿ ಬರುವ ನೀರು ತಕ್ಷಣ ತಲಪುತ್ತದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಇಳಿಯತೊಡಗುತ್ತದೆ, ಏಕೆಂದರೆ ಎರಡನೇ ಕಂಟ್ರೋಲರ್ ತನ್ನ ಪಂಪನ್ನು ತಗ್ಗಿಸಿ 3ನೇ ತೊಟ್ಟಿಯನ್ನು ಬರಿದು ಮಾಡುತ್ತಿರುತ್ತದೆ. ನೀವು ಡ್ರಮ್ಮಿನಲ್ಲಿ ನೋಡುವ ಅದೇ ತಪ್ಪು ದಿಕ್ಕಿನ ನಡೆ ಇಲ್ಲಿ ಹೀಗೆ ಬರುತ್ತದೆ. ಪ್ರತಿ ಲೂಪನ್ನೂ ಬೇರೆಬೇರೆಯಾಗಿ ಟ್ಯೂನ್ ಮಾಡಿ ಕೊನೆಗೆ ಎರಡನ್ನೂ ಆಟೋಗೆ ಹಾಕುವವರು ಎಡವುವುದು ಈ ಹಂತದಲ್ಲಿಯೇ.

ತುಂಗಾತೀರ

ಬಹಳ ಉಪಕಾರವಾಯಿತು ಮೇಡಂ. ನೀವು ಹೇಳಿದ ದಿಕ್ಕನ್ನು ಲೆಕ್ಕ ಹಾಕಿ ಸಿಮ್ಯುಲೇಶನ್ನಿನಲ್ಲಿ ಪರೀಕ್ಷಿಸಿದೆ. s = 0.0128 ಹಾಕಿ x3 = 1 ಸೆಂ.ಮೀ. ಎಂದು ಹಿಡಿದರೆ x4 = −0.97 ಸೆಂ.ಮೀ., u1 = −0.532 ವೋಲ್ಟ್, u2 = 0.496 ವೋಲ್ಟ್ ಬರುತ್ತದೆ. ತೊಟ್ಟಿಗಳನ್ನು ಆ ಸ್ಥಿತಿಯಿಂದ ಪ್ರಾರಂಭಿಸಿ ಎರಡೂ ವೋಲ್ಟೇಜುಗಳನ್ನು ಇದೇ ಪ್ರಮಾಣದಲ್ಲಿ ಘಾತೀಯವಾಗಿ, 54 ಸೆಕೆಂಡಿಗೊಮ್ಮೆ ದುಪ್ಪಟ್ಟಾಗುವಂತೆ ಬೆಳೆಸಿದೆ. ರೇಖೀಯ ಮಾದರಿಯಲ್ಲಿ ಕೆಳಗಿನ ಎರಡು ಮಟ್ಟಗಳೂ ನಿಜಕ್ಕೂ ಅಲುಗಾಡಲಿಲ್ಲ. 4ನೇ ತೊಟ್ಟಿಯ ಸಮತೋಲನದ ಮಟ್ಟ 4.9 ಸೆಂ.ಮೀ. ಆಗಿರುವುದರಿಂದ ಸುಮಾರು 126 ಸೆಕೆಂಡಿನಲ್ಲಿ ಅದು ಪೂರ್ತಿ ಒಣಗಿತು, ಆ ಹೊತ್ತಿಗೆ ಮೊದಲ ಪಂಪು 3.15 ವೋಲ್ಟಿನಿಂದ ಅರ್ಧ ವೋಲ್ಟಿನ ಹತ್ತಿರಕ್ಕೆ ಇಳಿದಿತ್ತು. ಅಷ್ಟಾದರೂ ಅಳತೆಯ ಪರದೆಯಲ್ಲಿ ಎರಡು ನೇರ ಗೆರೆಗಳಷ್ಟೇ ಕಾಣುತ್ತಿದ್ದವು. ಅದನ್ನು ನೋಡಿದ ಮೇಲೆ ಝೀರೋ ಎಂಬ ಪದದ ಅರ್ಥ ನನಗೆ ಮೊದಲ ಬಾರಿಗೆ ಮನಸ್ಸಿಗೆ ಇಳಿಯಿತು.

ಒಂದು ಸಂದೇಹ ಉಳಿದಿದೆ. ಸಮಯ ಹೆಚ್ಚಿದಂತೆ ಗೆರೆಗಳು ಬಹಳ ಸ್ವಲ್ಪ ಬಾಗಿದವು. ನನ್ನ ಲೆಕ್ಕದಲ್ಲಿ ತಪ್ಪಿದೆಯೇ?

ಹಳೆಯ ಉಪನ್ಯಾಸಕಿ

ತಪ್ಪಿಲ್ಲ. ಝೀರೋವನ್ನೂ ದಿಕ್ಕನ್ನೂ ಮೂರು ಅಂಕಿಗಳಿಗೆ ದುಂಡಾಗಿಸಿದ್ದೀರಿ. ಆ ಚಿಕ್ಕ ದೋಷವೂ ಪ್ರವೇಶದ ಜೊತೆಜೊತೆಗೇ ಘಾತೀಯವಾಗಿ ಬೆಳೆಯುತ್ತದೆ. 0.012762 ಹಾಕಿ ದಿಕ್ಕನ್ನೂ ಅಷ್ಟೇ ನಿಖರವಾಗಿ ತೆಗೆದುಕೊಂಡರೆ ಬಾಗು ಇನ್ನೂ ತಡವಾಗಿ ಕಾಣುತ್ತದೆ. ನಿಜವಾದ ತೊಟ್ಟಿಗಳಲ್ಲಿ ಮಾತ್ರ ಇದಕ್ಕಿಂತ ಬಹಳ ಮೊದಲೇ ಗೆರೆ ಬಾಗುತ್ತದೆ, ಏಕೆಂದರೆ ತೂತಿನಿಂದ ಹೊರಬೀಳುವ ನೀರು ಮಟ್ಟದ ವರ್ಗಮೂಲವನ್ನು ಅನುಸರಿಸುತ್ತದೆ. ತೊಟ್ಟಿ ಒಣಗುವಷ್ಟು ದೂರ ಹೋದ ಮೇಲೆ ರೇಖೀಯ ಮಾದರಿಗೆ ಅರ್ಥವಿಲ್ಲ.

ಐಂಡ್‌ಹೋವನ್ ಕನ್ನಡಿಗ

ಕೈಲೆಕ್ಕ ಚೆನ್ನಾಗಿದೆ, ಆದರೆ ಹತ್ತು ಸ್ಟೇಟ್‌ಗಳ ಮಾದರಿ ಬಂದಾಗ ಕಂಪ್ಯೂಟರ್ ಬೇಕೇ ಬೇಕು. ರೋಸೆನ್‌ಬ್ರಾಕ್ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ ಸೊನ್ನೆಯಾಗುವ s ಅನ್ನು ಹುಡುಕುವುದೆಂದರೆ ಒಂದು ಸಾಮಾನ್ಯೀಕೃತ ಐಗನ್ ಮೌಲ್ಯದ ಸಮಸ್ಯೆಯನ್ನು ಬಿಡಿಸುವುದು. ಪ್ರವೇಶ ಮತ್ತು ನಿರ್ಗಮಗಳ ಸಂಖ್ಯೆ ಸಮವಾಗಿದ್ದರೆ ಇಷ್ಟು ಸಾಕು:

```python
import numpy as np
from scipy.linalg import eigvals
M = np.block([[A, B], [C, D]])
N = np.zeros((6, 6))
N[:4, :4] = np.eye(4)
print(np.linalg.eigvals(A))   # poles
print(eigvals(M, N))          # zeros + inf
```

ಎರಡನೇ ಸಾಲು ಆರು ಸಂಖ್ಯೆಗಳನ್ನು ಕೊಡುತ್ತದೆ. ಅವುಗಳಲ್ಲಿ ಎರಡು ಮಾತ್ರ ಝೀರೋಗಳು, ಉಳಿದ ನಾಲ್ಕು ಅನಂತದಲ್ಲಿವೆ. ಇಲ್ಲಿ ಎಚ್ಚರ ಬೇಕು: ಅನಂತವು ಯಾವಾಗಲೂ `inf` ಎಂದೇ ಮುದ್ರಿತವಾಗುವುದಿಲ್ಲ. ಅನಂತದಲ್ಲಿರುವ ಮೌಲ್ಯಗಳು ಜೋಡಿಗಟ್ಟಿಕೊಂಡಿರುವುದರಿಂದ, ದುಂಡಾಗಿಸುವ ಸಣ್ಣ ದೋಷ ಸಾಕು, ಅವು ಹತ್ತರ ಏಳನೇ ಅಥವಾ ಎಂಟನೇ ಘಾತದಷ್ಟು ದೊಡ್ಡ ಸಂಖ್ಯೆಗಳಾಗಿ, ಕೆಲವೊಮ್ಮೆ ಧನಾತ್ಮಕವಾಗಿ ಬಂದುಬಿಡುತ್ತವೆ. ನನ್ನ ಸಹೋದ್ಯೋಗಿಯೊಬ್ಬರು ಅಂಥ ಸಂಖ್ಯೆಯೊಂದನ್ನು ಬಲ ಅರ್ಧತಲದ ಝೀರೋ ಎಂದು ಭಾವಿಸಿ ಒಂದು ವಾರ ಅದರ ಕಾರಣ ಹುಡುಕಿದ್ದರು. ಪರೀಕ್ಷೆ ಸುಲಭ: CB ಮ್ಯಾಟ್ರಿಕ್ಸಿಗೆ ವಿಲೋಮವಿದ್ದು D ಸೊನ್ನೆಯಾಗಿದ್ದರೆ ಝೀರೋಗಳ ಸಂಖ್ಯೆ ಸ್ಟೇಟ್‌ಗಳಿಂದ ಪ್ರವೇಶಗಳನ್ನು ಕಳೆದಷ್ಟೇ ಇರಬೇಕು. ಇಲ್ಲಿ 4 − 2 = 2. ಮೂರನೆಯದು ಕಂಡರೆ ಅದನ್ನು ನಂಬಬೇಡಿ. ಮ್ಯಾಟ್‌ಲ್ಯಾಬ್ ಇರುವವರು `tzero` ಬಳಸಿ. ಅದು ಅನಂತದ ಭಾಗವನ್ನು ಮೊದಲೇ ಕತ್ತರಿಸಿ ಉಳಿದದ್ದನ್ನು ಬಿಡಿಸುತ್ತದೆ.

ಬೇಲೂರು ಹುಡುಗ

ಮೇಡಂ ತೋರಿಸಿದ ಉದಾಹರಣೆಯನ್ನು ಬಿಡಿಸಿ ನೋಡಿದೆ. A ಯ ಕರ್ಣದಲ್ಲಿ −1, −2. B ಏಕಮಾನ ಮ್ಯಾಟ್ರಿಕ್ಸ್. C ಯ ಕರ್ಣದಲ್ಲಿ 1, −1. D ಯ ಕರ್ಣದಲ್ಲಿ 0, 1. ರೋಸೆನ್‌ಬ್ರಾಕ್ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ s + 1 ಬಂತು. ಝೀರೋ −1ರಲ್ಲಿ ಸಿಕ್ಕಿತು, ಪೋಲ್‌ಗಳು −1 ಮತ್ತು −2 ಎಂದು A ಯಿಂದ ಸಿಕ್ಕವು, ಯಾವುದೂ ಕಳೆದುಹೋಗಲಿಲ್ಲ. ನನ್ನ ನಿಯಮ ಅಪೂರ್ಣವಾಗಿತ್ತು, ಒಪ್ಪಿಕೊಂಡೆ. ಆದರೂ ಒಂದು ಮಾತು: A ಯ ಐಗನ್ ಮೌಲ್ಯಗಳೆಲ್ಲ ಪೋಲ್‌ಗಳು, ರೋಸೆನ್‌ಬ್ರಾಕ್ ಮೌಲ್ಯಗಳೆಲ್ಲ ಝೀರೋಗಳು ಎಂದು ಕಣ್ಣುಮುಚ್ಚಿ ಬರೆದುಕೊಳ್ಳಬಹುದಲ್ಲವೇ?

ತುಂಗಾತೀರ

ನಾನು ಅದನ್ನೇ ಮಾಡಲು ಹೋಗಿ ಸಿಕ್ಕಿಹಾಕಿಕೊಂಡೆ. ಭೌತಿಕ ಸಮೀಕರಣಗಳನ್ನು ಬಿಟ್ಟು, ಮೇಲಿನ ನಾಲ್ಕು ಟ್ರಾನ್ಸ್‌ಫರ್ ಫಂಕ್ಷನ್ನುಗಳಿಗೂ ಬೇರೆಬೇರೆಯಾಗಿ ಸ್ಟೇಟ್-ಸ್ಪೇಸ್ ರೂಪ ಬರೆದು ಒಟ್ಟು ಜೋಡಿಸಿದೆ. ಎರಡಕ್ಕೆ ಒಂದೊಂದು ಸ್ಟೇಟ್, ಎರಡಕ್ಕೆ ಎರಡೆರಡು, ಒಟ್ಟು ಆರು ಸ್ಟೇಟ್‌ಗಳು. ಐಗನ್ ಮೌಲ್ಯಗಳಲ್ಲಿ −0.0159 ಎರಡು ಬಾರಿ, −0.0110 ಎರಡು ಬಾರಿ ಬಂದಿತು. `tzero` ಎರಡರ ಬದಲು ನಾಲ್ಕು ಝೀರೋ ಕೊಟ್ಟಿತು: 0.0130, −0.0565, ಜೊತೆಗೆ −0.0159 ಮತ್ತು −0.0110. ಎರಡು ತೊಟ್ಟಿಗಳು ಹೆಚ್ಚಾಗಿ ಹುಟ್ಟಿಕೊಂಡವೇ?

ಹಳೆಯ ಉಪನ್ಯಾಸಕಿ

ಬೇಲೂರಿನವರ ಪ್ರಶ್ನೆಗೆ ಇದೇ ಉತ್ತರ. ತೊಟ್ಟಿಗಳು ಹೆಚ್ಚಾಗಿಲ್ಲ, ಒಂದೇ ತೊಟ್ಟಿಯನ್ನು ನೀವು ಎರಡು ಸಲ ಬರೆದಿದ್ದೀರಿ. 1ನೇ ತೊಟ್ಟಿಯ 63 ಸೆಕೆಂಡಿನ ಚಲನೆ g11ರಲ್ಲಿಯೂ ಇದೆ, g12ರಲ್ಲಿಯೂ ಇದೆ, ನಿಜದಲ್ಲಿ ಮಾತ್ರ ಒಂದೇ ತೊಟ್ಟಿ ಇದೆ. ನಿಮ್ಮ ಆರು ಸ್ಟೇಟ್‌ಗಳ ಮಾದರಿಯಲ್ಲಿ ಒಂದೇ ವೇಗದ ಎರಡು ಚಲನೆಗಳು ಒಂದೇ ಮಾಪಕಕ್ಕೆ ಬಂದು ಸೇರುತ್ತವೆ. ಒಂದು ಸೆಂ.ಮೀ. ಮೇಲೆ, ಇನ್ನೊಂದು ಸೆಂ.ಮೀ. ಕೆಳಗೆ ಇದ್ದರೆ ಅವುಗಳ ಮೊತ್ತ ಸೊನ್ನೆ, ಮಾಪಕಕ್ಕೆ ಏನೂ ತಿಳಿಯುವುದಿಲ್ಲ. ಹೀಗೆ ಹೊರಗಿನಿಂದ ಕಾಣದ ಚಲನೆಯು A ಯಲ್ಲಿ ಐಗನ್ ಮೌಲ್ಯವಾಗಿಯೂ ಉಳಿಯುತ್ತದೆ, ರೋಸೆನ್‌ಬ್ರಾಕ್ ಮ್ಯಾಟ್ರಿಕ್ಸಿನಲ್ಲಿ ಝೀರೋ ಆಗಿಯೂ ಬರುತ್ತದೆ. ಅದು ಟ್ರಾನ್ಸ್‌ಮಿಷನ್ ಝೀರೋ ಅಲ್ಲ, ಟ್ರಾನ್ಸ್‌ಫರ್ ಮ್ಯಾಟ್ರಿಕ್ಸಿನ ಪೋಲೂ ಅಲ್ಲ.

ಆದುದರಿಂದ ಪೋಲ್ ಮತ್ತು ಝೀರೋಗಳನ್ನು ಎಣಿಸುವ ಮುನ್ನ ಮಾದರಿಯನ್ನು ಕನಿಷ್ಠ ರೂಪಕ್ಕೆ ಇಳಿಸಬೇಕು. ಪಂಪುಗಳಿಂದ ಅಲುಗಿಸಲಾಗದ, ಮಾಪಕಗಳಿಗೆ ಕಾಣದ ಭಾಗಗಳನ್ನು ತೆಗೆದುಹಾಕಬೇಕು. `minreal` ಕೊಟ್ಟರೆ ನಿಮ್ಮ ಆರು ಸ್ಟೇಟ್‌ಗಳು ನಾಲ್ಕಾಗುತ್ತವೆ. ಸಂಶಯವಿರುವ ಪ್ರತಿ ಮೌಲ್ಯವನ್ನು ಕೈಯಾರೆ ಪರೀಕ್ಷಿಸಬಹುದು: A − sI ಮತ್ತು C ಗಳನ್ನು ಒಂದರ ಕೆಳಗೊಂದು ಇಟ್ಟಾಗ ಆ s ನಲ್ಲಿ ರ‍್ಯಾಂಕ್ ಕುಸಿದರೆ ಅದು ಮಾಪಕಕ್ಕೆ ಕಾಣದ್ದು, A − sI ಮತ್ತು B ಗಳನ್ನು ಪಕ್ಕಪಕ್ಕ ಇಟ್ಟಾಗ ಕುಸಿದರೆ ಪಂಪಿಗೆ ಸಿಗದ್ದು. ನಿಮ್ಮ −0.0159ರಲ್ಲಿ ಮೊದಲನೆಯದು ಕುಸಿಯುತ್ತದೆ, 0.0130ರಲ್ಲಿ ಎರಡೂ ಕುಸಿಯುವುದಿಲ್ಲ.

ಐಂಡ್‌ಹೋವನ್ ಕನ್ನಡಿಗ

ಮೇಡಂ ಹೇಳಿದ್ದು 63 ಎಂಬ ಸಂಖ್ಯೆ ಎರಡೂ ಕಡೆ ಒಂದೇ ಆಗಿದ್ದಾಗ ಸರಿ. ನನ್ನ ಕೆಲಸದಲ್ಲಿ ಹಾಗಾಗುವುದಿಲ್ಲ. ಪ್ರತಿ ಅಂಶವನ್ನೂ ಬೇರೆಬೇರೆ ಪರೀಕ್ಷೆಯಿಂದ ಗುರುತಿಸಿದಾಗ ಒಂದರಲ್ಲಿ 62.4, ಇನ್ನೊಂದರಲ್ಲಿ 63.1 ಬರುತ್ತದೆ. ಆಗ ಗಣಿತದ ಪ್ರಕಾರ ಆರು ಸ್ಟೇಟ್‌ಗಳೂ ಕನಿಷ್ಠ ರೂಪವೇ. `minreal` ತನ್ನ ಸಾಮಾನ್ಯ ಮಿತಿಯಲ್ಲಿ ಒಂದನ್ನೂ ತೆಗೆಯುವುದಿಲ್ಲ, −0.016ರ ಆಸುಪಾಸಿನ ಝೀರೋ ಪಟ್ಟಿಯಲ್ಲಿ ಉಳಿದುಕೊಳ್ಳುತ್ತದೆ. ಮಿತಿಯನ್ನು ಸಡಿಲಿಸಿದರೆ ನಿಜವಾದ ಚಲನೆಯೂ ಹೋಗಬಹುದು. ನಾನು ಹ್ಯಾಂಕೆಲ್ ಸಿಂಗ್ಯುಲರ್ ಮೌಲ್ಯಗಳನ್ನು ನೋಡಿ, ಎಲ್ಲಿ ದೊಡ್ಡ ಇಳಿತವಿದೆಯೋ ಅಲ್ಲಿ ಕತ್ತರಿಸುತ್ತೇನೆ.

ಹಳೆಯ ಉಪನ್ಯಾಸಕಿ

ಅದನ್ನು ನಾನು ಅರ್ಧದಷ್ಟೇ ಒಪ್ಪುತ್ತೇನೆ. ಹ್ಯಾಂಕೆಲ್ ಮೌಲ್ಯಗಳು ಪ್ರವೇಶ ಮತ್ತು ನಿರ್ಗಮಗಳ ಅಳತೆಮಾನಕ್ಕೆ ತಕ್ಕಂತೆ ಬದಲಾಗುತ್ತವೆ. ಒಂದು ಮಾಪಕವನ್ನು ಸೆಂ.ಮೀ. ಬಿಟ್ಟು ಮೀಟರಿನಲ್ಲಿ ಓದಿದರೆ ನಿಮ್ಮ ಇಳಿತ ಬೇರೆಡೆಗೆ ಹೋಗಬಹುದು. ಝೀರೋಗಳು ಮಾತ್ರ ಆ ಬದಲಾವಣೆಗೆ ಕದಲುವುದಿಲ್ಲ. C ಯಲ್ಲಿರುವ 0.5 ಅನ್ನು 5 ಮಾಡಿದರೂ 0.0128 ಹಾಗೆಯೇ ಇರುತ್ತದೆ. ಸಾಧ್ಯವಿರುವಲ್ಲೆಲ್ಲ ಭೌತಿಕ ಸಮೀಕರಣಗಳಿಂದ A, B, C ಬರೆಯಿರಿ ಎಂಬುದೇ ನನ್ನ ಸಲಹೆ. ತೊಟ್ಟಿ ನಾಲ್ಕೇ ಇದ್ದರೆ ಸ್ಟೇಟ್ ನಾಲ್ಕೇ.

ಐಂಡ್‌ಹೋವನ್ ಕನ್ನಡಿಗ

ಸಮೀಕರಣ ಬರೆಯಲು ಬರುವ ಯಂತ್ರಗಳ ಮಟ್ಟಿಗೆ ನಿಮ್ಮ ಮಾತು ಸರಿ ಮೇಡಂ. ನನ್ನ ಮುಂದಿರುವ ಯಂತ್ರದಲ್ಲಿ ಕಂಪನದ ಹತ್ತಾರು ಮೋಡ್‌ಗಳಿವೆ, ಯಾವುದು ಯಾವುದರ ನಕಲು ಎಂದು ಹೇಳುವವರು ಯಾರೂ ಇಲ್ಲ. ಅಳತೆಮಾನವನ್ನು ಮೊದಲು ಸಮನಾಗಿಸಿಯೇ ಹ್ಯಾಂಕೆಲ್ ನೋಡುತ್ತೇನೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯಗಳು ಬೇರೆಯಾಗಿಯೇ ಉಳಿಯಲಿ.

ಬಾಯ್ಲರ್ ಮನೆ

ಮೇಡಂ ವಿವರಿಸಿದ ಆಟೋ-ಮ್ಯಾನುವಲ್ ವಿಷಯ ಓದಿದಾಗಿನಿಂದ ನಮ್ಮ ತ್ಯಾಜ್ಯನೀರಿನ ಘಟಕ ನೆನಪಾಗುತ್ತಿದೆ. ಅಲ್ಲಿಯೂ ಎರಡು ಪಂಪುಗಳ ನೀರು ಮೇಲಿನ ಎರಡು ತೊಟ್ಟಿಗಳ ಮೂಲಕ ಅಡ್ಡಡ್ಡವಾಗಿ ಕೆಳಗಿನ ಎರಡಕ್ಕೆ ಹೋಗುತ್ತದೆ. ಒಂದೊಂದೇ ಲೂಪ್ ಆಟೋದಲ್ಲಿದ್ದಾಗ ಎಲ್ಲವೂ ಚೆನ್ನಾಗಿರುತ್ತದೆ, ಎರಡನ್ನೂ ಹಾಕಿದರೆ ಅರ್ಧ ಗಂಟೆಯಲ್ಲಿ ಒಂದು ಪಂಪು ಪೂರ್ತಿ, ಇನ್ನೊಂದು ಸೊನ್ನೆ. ಇಷ್ಟು ವರ್ಷ ಟ್ರಾನ್ಸ್‌ಮಿಟರ್ ಕೆಟ್ಟಿದೆಯೆಂದು ಬದಲಾಯಿಸುತ್ತ ಬಂದೆವು. ನಮ್ಮಲ್ಲಿ A, B ಗಳಿಲ್ಲ, ಸ್ಟೆಪ್ ಪರೀಕ್ಷೆಯ ಅಂತಿಮ ಗೇನ್‌ಗಳಿವೆ: ನೇರ ದಾರಿಯವು 0.9 ಮತ್ತು 0.8, ಅಡ್ಡದಾರಿಯವು 0.8 ಮತ್ತು 0.7. ಇವುಗಳಿಂದ ಏನಾದರೂ ಹೇಳಬಹುದೇ?

ಹಳೆಯ ಉಪನ್ಯಾಸಕಿ

ಒಂದು ಮಟ್ಟಿಗೆ ಹೇಳಬಹುದು. ರಚನೆ ಈ ತೊಟ್ಟಿಗಳಂತೆಯೇ ಇದ್ದು ನೇರ ದಾರಿಯ ನೀರು ಮೊದಲು ತಲಪುವುದಾದರೆ, ಬಹಳ ವೇಗದ ಬದಲಾವಣೆಗಳಿಗೆ ನೇರ ಗೇನ್‌ಗಳ ಗುಣಲಬ್ಧವೇ ಮೇಲುಗೈ ಸಾಧಿಸುತ್ತದೆ. ಸ್ಥಿರಸ್ಥಿತಿಯಲ್ಲಿ ಅಡ್ಡದಾರಿಯ ಗುಣಲಬ್ಧ ಅದನ್ನು ಮೀರಿದರೆ ಡಿಟರ್ಮಿನೆಂಟಿನ ಚಿಹ್ನೆ ಮಧ್ಯದಲ್ಲೆಲ್ಲೋ ಬದಲಾಗಲೇಬೇಕು, ಅಂದರೆ ಧನಾತ್ಮಕ ನೈಜ ಝೀರೋ ಇರಲೇಬೇಕು. ತುಂಗಾತೀರ ಅವರಲ್ಲಿ 2.4ಕ್ಕೆ ಎದುರಾಗಿ 6.25 ಇರುವುದರಿಂದ ಸಂದೇಹವಿಲ್ಲ. ನಿಮ್ಮಲ್ಲಿ 0.72ಕ್ಕೆ ಎದುರಾಗಿ 0.56 ಇದೆ, ಮೇಲ್ನೋಟಕ್ಕೆ ಸುರಕ್ಷಿತ. ಆದರೆ ನಿಮ್ಮ ಪ್ರತಿ ಗೇನಿನಲ್ಲಿ ಶೇಕಡಾ ಎಷ್ಟು ದೋಷವಿರಬಹುದು?

ಬಾಯ್ಲರ್ ಮನೆ

ಪ್ರಾಮಾಣಿಕವಾಗಿ ಹೇಳುವುದಾದರೆ ಶೇಕಡಾ 15. ಕೆಳಗಿನ ತೊಟ್ಟಿಯಲ್ಲಿ ನೊರೆ ಬರುತ್ತದೆ, ಮಟ್ಟ ಅಷ್ಟು ಸರಿಯಾಗಿ ಓದಲಾಗುವುದಿಲ್ಲ.

ಹಳೆಯ ಉಪನ್ಯಾಸಕಿ

ಹಾಗಾದರೆ ಎರಡು ಗುಣಲಬ್ಧಗಳೂ ಸುಮಾರು ಶೇಕಡಾ 30ರಷ್ಟು ಅತ್ತಿತ್ತ ಹೋಗಬಹುದು, ಒಂದರ ವ್ಯಾಪ್ತಿ ಇನ್ನೊಂದರೊಳಗೆ ಸೇರುತ್ತದೆ. ಝೀರೋ ಎಡದಲ್ಲಿದೆಯೋ ಬಲದಲ್ಲಿದೆಯೋ ಎಂದು ಈ ಸಂಖ್ಯೆಗಳಿಂದ ನಿರ್ಧರಿಸಲಾಗದು. ಎರಡು ಗುಣಲಬ್ಧಗಳು ಇಷ್ಟು ಹತ್ತಿರವಿದ್ದರೆ ಅದು ಯಾವ ಬದಿಯಲ್ಲಿದ್ದರೂ ಮೂಲಬಿಂದುವಿಗೆ ಸಮೀಪದಲ್ಲಿದೆ ಎಂಬುದು ಮಾತ್ರ ಗೊತ್ತಾಗುತ್ತದೆ. ಆಗ ಒಂದು ದಿಕ್ಕಿನ ಸೆಟ್‌ಪಾಯಿಂಟ್ ಬದಲಾವಣೆಗೆ ಪಂಪುಗಳು ವಿಪರೀತ ದೂರ ಚಲಿಸಬೇಕಾಗುತ್ತದೆ. ನೀವು ನೋಡುತ್ತಿರುವ ಒಂದು ಪೂರ್ತಿ, ಇನ್ನೊಂದು ಸೊನ್ನೆ ಎಂಬ ಸ್ಥಿತಿಗೆ ಅದೊಂದೇ ಸಾಕು. ಕಂಟ್ರೋಲರ್ ಟ್ಯೂನ್ ಮಾಡಿ ಝೀರೋವನ್ನು ಸರಿಸಲಾಗುವುದಿಲ್ಲ, ಫೀಡ್‌ಬ್ಯಾಕ್ ಪೋಲ್‌ಗಳನ್ನಷ್ಟೇ ಕದಲಿಸಬಲ್ಲದು. ನೀರು ಕವಲೊಡೆಯುವ ಜಾಗದಲ್ಲಿ ಕೈವಾಲ್ವ್ ಇದೆಯೇ? ಇದ್ದರೆ ನೇರ ದಾರಿಗೆ ಸ್ವಲ್ಪ ಹೆಚ್ಚು ನೀರು ಹೋಗುವಂತೆ ತಿರುಗಿಸಿ, ಗೇನ್‌ಗಳನ್ನು ಮತ್ತೆ ಅಳೆದು ಇಲ್ಲಿ ಬರೆಯಿರಿ.

ಬಾಯ್ಲರ್ ಮನೆ

ಒಂದು ಕಡೆ ಬಟರ್‌ಫ್ಲೈ ವಾಲ್ವ್ ಇದೆ, ಇನ್ನೊಂದು ಕಡೆ ಬರಿಯ ಟೀ ಜೋಡಣೆ. ಮುಂದಿನ ಶಟ್‌ಡೌನ್‌ನಲ್ಲಿ ಅಲ್ಲಿಯೂ ಒಂದು ವಾಲ್ವ್ ಹಾಕಿಸಲು ಕೇಳುತ್ತೇನೆ. ಅಲ್ಲಿಯವರೆಗೆ ಎರಡನೇ ಲೂಪನ್ನು ಮ್ಯಾನುವಲ್‌ನಲ್ಲಿಯೇ ಇಡಲು ಹೇಳಿದ್ದೇನೆ.